ನಾಳೆ ಟ್ಯೂಷನ್ ಇಲ್ಲ: ಹುಷಾರಿಲ್ಲದಾಗ ಟೀಚರ್ ಕಳಿಸುವ ಮೆಸೇಜ್ ಬರೆಯೋದು ಹೇಗೆ

ಹಾಸನದಲ್ಲಿ ಮನೆಯಲ್ಲೇ ಹತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ 6ರಿಂದ 7:15ರವರೆಗೆ. ಒಟ್ಟು 24 ಮಕ್ಕಳು. ಅವರಲ್ಲಿ 15 ಜನ ಊರೊಳಗಿನವರು, ಸೈಕಲ್‌ನಲ್ಲೋ ನಡೆದೋ ಬರುತ್ತಾರೆ. ಉಳಿದ 9 ಜನ ದುದ್ದ, ಶಾಂತಿಗ್ರಾಮ, ಗೊರೂರು ಕಡೆಯಿಂದ ಮೊದಲನೇ ಬಸ್ಸಿಗೆ ಬರುವವರು. ಟ್ಯೂಷನ್ ಮುಗಿಸಿ ಹಾಗೇ ಸ್ಕೂಲಿಗೆ ಹೋಗುತ್ತಾರೆ.

ಕೆಲವು ವರ್ಷದ ಹಿಂದೆ ಒಂದು ರಾತ್ರಿ ಜ್ವರ ಬಂತು. ಹತ್ತೂ ಮುಕ್ಕಾಲಿಗೆ ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ "ನಾಳೆ ಕ್ಲಾಸ್ ಇಲ್ಲ, ಹುಷಾರಿಲ್ಲ, ಮುಂದೆ ತಗೊಳ್ತೀನಿ" ಅಂತ ಬರೆದು ಮಲಗಿಬಿಟ್ಟೆ. ಬೆಳಗ್ಗೆ 5:50ಕ್ಕೆ ಗೇಟಿನ ಸದ್ದಾಯಿತು. ಹೊರಗೆ ಜಿಟಿಜಿಟಿ ಮಳೆ. ಗೊರೂರು ಕಡೆಯ ಹುಡುಗ ಬ್ಯಾಗನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ನಿಂತಿದ್ದ. ಅವರ ಮನೆಯಲ್ಲಿರುವ ಒಂದೇ ಫೋನನ್ನು ಅವರಪ್ಪ ಒಂಬತ್ತಕ್ಕೇ ಆಫ್ ಮಾಡಿ ಮಲಗುತ್ತಾರಂತೆ. ಅಷ್ಟಕ್ಕೇ ಮುಗಿಯಲಿಲ್ಲ. ಇನ್ನೊಬ್ಬ ಹುಡುಗಿಯ ತಾಯಿ ಆ ಮೆಸೇಜನ್ನು ಎರಡು ದಿನ ಬಿಟ್ಟು ನೋಡಿ, "ನಾಳೆ" ಅಂದರೆ ಅದರ ಮಾರನೇ ದಿನ ಅಂದುಕೊಂಡು ಮುಂದಿನ ಕ್ಲಾಸಿಗೂ ಮಗಳನ್ನು ಕಳಿಸಲಿಲ್ಲ. ಒಂದು ಸಾಲಿನ ಮೆಸೇಜಿನಿಂದ ಇಬ್ಬರು ಮಕ್ಕಳಿಗೆ ತೊಂದರೆ ಆಯಿತು. ಅವತ್ತಿನಿಂದ ಈ ಮೆಸೇಜನ್ನು ಒಂದು ಕ್ರಮದಲ್ಲಿ ಬರೆಯುತ್ತಿದ್ದೇನೆ. 2025ರ ಜುಲೈನಲ್ಲಿ ಮತ್ತೆ ಜ್ವರ ಬಂದಾಗ ಏನು ಮಾಡಿದೆ ಅನ್ನುವುದನ್ನೇ ಇಟ್ಟುಕೊಂಡು ಆ ಕ್ರಮ ಹೇಳುತ್ತೇನೆ.

ಇದು ಟ್ಯೂಷನ್, ಸಂಗೀತ, ಕಂಪ್ಯೂಟರ್ ಕ್ಲಾಸ್ ಅಂತ ಸ್ವಂತವಾಗಿ ನಡೆಸುವವರಿಗೆ. ಸ್ಕೂಲಿನಲ್ಲಿ ಕೆಲಸ ಮಾಡುವವರು ಮೊದಲು ಹೆಡ್‌ಮಾಸ್ಟರ್‌ಗೆ ಹೇಳಬೇಕು. ಆ ಪೀರಿಯಡ್ಡಿಗೆ ಬೇರೆಯವರನ್ನು ಹಾಕುವುದು ಅವರ ಕೆಲಸ.

ಬರೆಯುವ ಮುಂಚೆ: ಯಾವಾಗ ತೀರ್ಮಾನ ಮಾಡಬೇಕು

ಜುಲೈ 15, ಮಂಗಳವಾರ. ಮಧ್ಯಾಹ್ನ ಮೈಕೈ ನೋವು ಶುರುವಾಯಿತು. ಸಂಜೆ ಐದಕ್ಕೆ ಥರ್ಮಾಮೀಟರ್ ಇಟ್ಟರೆ 101 ಡಿಗ್ರಿ. ಗಂಟಲು ಕಟ್ಟಿತ್ತು. ನಮ್ಮಲ್ಲಿ ಬಹಳ ಜನ ಮಾಡುವ ತಪ್ಪು ಇಲ್ಲೇ ಆಗೋದು. ಒಂದು ಮಾತ್ರೆ ನುಂಗಿ, "ರಾತ್ರಿ ನೋಡೋಣ, ಬೆಳಗ್ಗೆ ಹೊತ್ತಿಗೆ ಇಳಿಯಬಹುದು" ಅಂತ ಕಾಯುತ್ತೇವೆ. ಮಾತ್ರೆಯ ಬಲದಲ್ಲಿ ಜ್ವರ ಇಳಿಯುತ್ತದೆ, ನಾಲ್ಕೈದು ಗಂಟೆ ಬಿಟ್ಟು ಮತ್ತೆ ಏರುತ್ತದೆ. ರಾತ್ರಿ ಹನ್ನೊಂದಕ್ಕೆ ಕೈಲಾಗಲ್ಲ ಅಂತ ಗೊತ್ತಾಗುವ ಹೊತ್ತಿಗೆ ಹಳ್ಳಿಯ ಮನೆಗಳಲ್ಲಿ ಎಲ್ಲರೂ ಮಲಗಿರುತ್ತಾರೆ.

ಬೆಳಗಿನ ಕ್ಲಾಸಿಗೆ ನನ್ನ ಗಡುವು ಹಿಂದಿನ ದಿನ ಸಂಜೆ 7 ಗಂಟೆ. ಏಳರಿಂದ ಎಂಟೂವರೆ ತನಕ ಅಪ್ಪ ಅಮ್ಮ ಮನೆಯಲ್ಲಿರುತ್ತಾರೆ, ಫೋನೂ ಕೈಯಲ್ಲಿರುತ್ತದೆ. ಯಾರಿಗಾದರೂ ಮೆಸೇಜ್ ಮುಟ್ಟದಿದ್ದರೆ ಫೋನ್ ಮಾಡಲು ಇನ್ನೂ ಸಮಯ ಇರುತ್ತದೆ. ಏಳು ಗಂಟೆಗೆ ಮೈ ಬಿಸಿ ಇದ್ದರೆ ಕ್ಲಾಸ್ ಇಲ್ಲ, ಅಷ್ಟೇ. ಬೆಳಗ್ಗೆ ಆರಾಮಾದರೂ ಪರವಾಗಿಲ್ಲ, ಒಂದು ದಿನ ಸುಧಾರಿಸಿಕೊಂಡ ಹಾಗಾಗುತ್ತದೆ. ಒಂದು ಸಣ್ಣ ರೂಮಿನಲ್ಲಿ 24 ಮಕ್ಕಳು ಕೂರುವ ಜಾಗ, ಶೀತಜ್ವರ ಹರಡೋದಕ್ಕೆ ಇನ್ನೇನು ಬೇಕು.

ಬದಲಿ ದಿನವನ್ನು ಆರಿಸೋದು

ಮೆಸೇಜಿನಲ್ಲಿ ನಿಜವಾಗಿ ಕಷ್ಟದ ಭಾಗ ಇದೇ. ಕ್ಲಾಸ್ ಇಲ್ಲ ಅನ್ನೋದನ್ನು ಯಾರು ಬೇಕಾದರೂ ಬರೆಯಬಹುದು. ತಪ್ಪಿಹೋದ ಕ್ಲಾಸ್ ಯಾವತ್ತು ಅಂತ ಬರೆಯಲು ಮೂರು ಕಡೆ ನೋಡಬೇಕು: ನಿಮ್ಮ ಮೈ, ಮಕ್ಕಳ ದಾರಿ, ತಪ್ಪುತ್ತಿರುವ ಪಾಠ.

ಮೊದಲು ಮೈ. ಸಾಮಾನ್ಯ ವೈರಲ್ ಜ್ವರ ಮೂರರಿಂದ ಐದು ದಿನ ತೆಗೆದುಕೊಳ್ಳುತ್ತದೆ. ಮಾತ್ರೆ ಇಲ್ಲದೆ ಒಂದು ಇಡೀ ದಿನ, ಅಂದರೆ 24 ಗಂಟೆ, ಜ್ವರ ಬಾರದೆ ಇದ್ದ ಮೇಲೆ ಜನರ ನಡುವೆ ಹೋಗಬಹುದು ಅನ್ನೋದು ಡಾಕ್ಟರು ಸಾಮಾನ್ಯವಾಗಿ ಹೇಳುವ ಮಾತು. ಮಂಗಳವಾರ ಜ್ವರ ಬಂದರೆ ಗುರುವಾರಕ್ಕೇ ಬದಲಿ ಕ್ಲಾಸ್ ಇಡುವುದು ಆತುರ. ಎರಡು ದಿನಕ್ಕೆ ಹುಷಾರಾಗುತ್ತೇನೆ ಅಂತ ಬರೆದು, ಆಗದೆ, ಬದಲಿ ಕ್ಲಾಸನ್ನೂ ರದ್ದು ಮಾಡಿದರೆ ಮೂರನೇ ಮೆಸೇಜನ್ನು ಯಾರೂ ನಂಬಲ್ಲ. ಕನಿಷ್ಠ ನಾಲ್ಕು ದಿನ ಬಿಟ್ಟುಕೊಳ್ಳಿ.

ಆಮೇಲೆ ಮಕ್ಕಳ ದಾರಿ. ನನ್ನ ಮುಂದೆ ಮೂರು ಆಯ್ಕೆ ಇದ್ದವು. ಭಾನುವಾರ ಬೆಳಗ್ಗೆ ಅಂದರೆ ಊರಿನ ಮಕ್ಕಳಿಗೆ ಸುಲಭ. ಆದರೆ ಹಳ್ಳಿಯ 9 ಮಕ್ಕಳು ಒಂದು ಕ್ಲಾಸಿಗೋಸ್ಕರ ಬಸ್ ಹತ್ತಿ ಬಂದು ಹೋಗಬೇಕು. ರಜೆ ದಿನ ಬಸ್ಸೂ ಕಡಿಮೆ ಅಂತ ಅವರೇ ಹೇಳುತ್ತಾರೆ. ಎರಡನೆಯದು, ಮುಂದಿನ ಮೂರು ಕ್ಲಾಸಿಗೆ 25 ನಿಮಿಷ ಸೇರಿಸೋದು. ಲೆಕ್ಕಕ್ಕೆ 75 ನಿಮಿಷ ಸರಿಹೋಗುತ್ತದೆ. ಆದರೆ 7:40ರವರೆಗೆ ಖಾಲಿ ಹೊಟ್ಟೆಯಲ್ಲಿ ಕೂರಿಸಿದರೆ ಮಕ್ಕಳ ಕಣ್ಣು ಗಡಿಯಾರದ ಮೇಲೆ. ಮೂರನೆಯದು ಶನಿವಾರ. ನಮ್ಮ ಕಡೆ ಶನಿವಾರ ಬೆಳಗಿನ ಸ್ಕೂಲು, ಹನ್ನೆರಡರ ಹೊತ್ತಿಗೆ ಬಿಡುತ್ತಾರೆ. ಹಳ್ಳಿಯ ಮಕ್ಕಳು ಹೇಗೂ ಹಾಸನದಲ್ಲೇ ಇರುತ್ತಾರೆ. ಊಟಕ್ಕೆ ಒಂದು ಗಂಟೆ ಬಿಟ್ಟು, 1:15ರಿಂದ 2:30ರವರೆಗೆ ಕ್ಲಾಸ್ ಇಟ್ಟರೆ ಸಂಜೆಯೊಳಗೆ ಮನೆ ಸೇರಬಹುದು. ಜ್ವರ ಶುರುವಾಗಿ ನಾಲ್ಕು ದಿನವೂ ಆಗಿರುತ್ತದೆ.

ಮೂರನೆಯದು ಪಾಠ. ಬುಧವಾರ ಥೇಲ್ಸ್ ಪ್ರಮೇಯದ ಸಾಧನೆ ಹೇಳಿಕೊಡುವುದಿತ್ತು. ತ್ರಿಭುಜ ಬರೆದು, ರೇಖೆ ಎಳೆದು, ವಿಸ್ತೀರ್ಣಗಳ ಅನುಪಾತದಿಂದ ಕೊನೆಯ ಸಾಲಿಗೆ ಬರುವ ತನಕ ಒಂದೇ ಉಸಿರಿನಲ್ಲಿ ಹೋಗಬೇಕಾದ ಪಾಠ. ಅದನ್ನು 25 ನಿಮಿಷದ ಮೂರು ತುಂಡು ಮಾಡಿದರೆ ಪ್ರತಿ ಸಲ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಅದಕ್ಕೂ ಶನಿವಾರದ ಪೂರ್ತಿ ಕ್ಲಾಸೇ ಸರಿ. ಬರೀ ಲೆಕ್ಕ ಮಾಡಿಸುವ ದಿನವಾಗಿದ್ದರೆ ತುಂಡು ಮಾಡಿದರೂ ನಡೆಯುತ್ತಿತ್ತು.

ಶನಿವಾರ ಅಂತ ಮನಸ್ಸಿನಲ್ಲಿ ಬಂದ ಕೂಡಲೇ ಬರೆಯಲಿಲ್ಲ. ನನ್ನ ಬ್ಯಾಚಿನಲ್ಲಿ ನಾಲ್ಕು ಸ್ಕೂಲಿನ ಮಕ್ಕಳಿದ್ದಾರೆ. ಪ್ರತಿ ಸ್ಕೂಲಿನ ಒಬ್ಬರ ಮನೆಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿದೆ: ಈ ಶನಿವಾರ ಸ್ಕೂಲು ಎಷ್ಟಕ್ಕೆ ಬಿಡುತ್ತೆ? ಮಧ್ಯಾಹ್ನ ಬೇರೆ ಟ್ಯೂಷನ್ ಇದೆಯಾ? ಹತ್ತು ನಿಮಿಷದ ಕೆಲಸ. ಒಂದು ಸ್ಕೂಲಿನ ಮಕ್ಕಳಿಗೆ ಮೂರು ಗಂಟೆಗೆ ಸೈನ್ಸ್ ಟ್ಯೂಷನ್ ಇರುವುದು ಗೊತ್ತಾಯಿತು. 2:30ಕ್ಕೆ ಬಿಟ್ಟರೆ ಅವರಿಗೂ ಸಾಕು.

ಹಾಸನದವರು ಇನ್ನೊಂದು ನೋಡಿಕೊಳ್ಳಬೇಕು. ಆಶ್ವಯುಜ ಹುಣ್ಣಿಮೆ ಆದ ಮೇಲಿನ ಮೊದಲ ಗುರುವಾರ ಹಾಸನಾಂಬೆ ಬಾಗಿಲು ತೆಗೆದರೆ ಬಲಿಪಾಡ್ಯಮಿವರೆಗೆ ಊರು ತುಂಬಿರುತ್ತದೆ. ಬಸ್ಸಿನಲ್ಲಿ ಕಾಲಿಡಲು ಜಾಗ ಇರಲ್ಲ. ಆ ದಿನಗಳಲ್ಲಿ ಮಧ್ಯಾಹ್ನದ ಬದಲಿ ಕ್ಲಾಸ್ ಇಡಬೇಡಿ.

ತಪ್ಪು ಅರ್ಥ ಕೊಡುವ ಮಾತುಗಳು

ಮಾತಿನಲ್ಲಿ ಹೇಳುವಾಗ ಸರಿಹೋಗುವ ಎಷ್ಟೋ ಪದಗಳು ಮೆಸೇಜಿನಲ್ಲಿ ಕೈಕೊಡುತ್ತವೆ. "ನಾಳೆ", "ನಾಡಿದ್ದು" ಇವೆಲ್ಲ ಓದುವ ದಿನದಿಂದ ಲೆಕ್ಕವಾಗುತ್ತವೆ, ಬರೆದ ದಿನದಿಂದಲ್ಲ. "ಮುಂದಿನ ಶನಿವಾರ" ಇನ್ನೂ ಕಷ್ಟ. ಮಂಗಳವಾರ ಕೂತು ಮುಂದಿನ ಶನಿವಾರ ಅಂದರೆ ಕೆಲವರಿಗೆ 19, ಕೆಲವರಿಗೆ ಅದರ ಮುಂದಿನ 26. "ಬರೋ ಶನಿವಾರ" ಅಂದರೂ ಅನುಮಾನ ಪೂರ್ತಿ ಹೋಗಲ್ಲ. ಅದಕ್ಕೇ ವಾರ ಮತ್ತು ತಾರೀಖು ಎರಡನ್ನೂ ಬರೆಯಿರಿ: "ಜುಲೈ 19, ಶನಿವಾರ". ಎರಡಿದ್ದರೆ ಒಂದು ತಪ್ಪಿದರೂ ಇನ್ನೊಂದನ್ನು ನೋಡಿ ಯಾರಾದರೂ ಕೇಳುತ್ತಾರೆ.

"6ಕ್ಕೆ" ಅಂದರೆ ಬೆಳಗ್ಗೆಯೋ ಸಂಜೆಯೋ? ದಿನಾ ಬೆಳಗ್ಗೆ ಬರುವ ಮಕ್ಕಳಿಗೆ ಬದಲಿ ಕ್ಲಾಸ್ ಮಧ್ಯಾಹ್ನ ಇದ್ದಾಗಲಂತೂ ಹೊತ್ತಿನ ಹೆಸರು ಬೇಕೇ ಬೇಕು.

"ಕ್ಲಾಸ್ ಮುಂದಕ್ಕೆ ಹಾಕಿದೆ" ಅನ್ನೋದನ್ನೂ ಬಿಡಿ. ಒಂದು ಗಂಟೆ ಮುಂದಕ್ಕೋ, ಒಂದು ದಿನ ಮುಂದಕ್ಕೋ? ಒಬ್ಬ ತಂದೆ ಅದನ್ನು ಆರರ ಬದಲು ಏಳಕ್ಕೆ ಅಂದುಕೊಂಡಿದ್ದರು. "ಕ್ಲಾಸ್ ಇರುವುದಿಲ್ಲ" ಅಂತ ಬರೆದರೆ ಬೇರೆ ಅರ್ಥ ಬರಲ್ಲ.

ಕಾಯಿಲೆ ಬಗ್ಗೆ ಎಷ್ಟು ಹೇಳಬೇಕು

ಒಂದು ಸಾಲು ಸಾಕು. "ಜ್ವರ ಬಂದಿದೆ" ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ರಕ್ತ ಪರೀಕ್ಷೆ, ಮಾತ್ರೆ ಹೆಸರು, ರಾತ್ರಿ ನಿದ್ದೆ ಬರದ ಕಥೆ ಬೇಡ. ಜಾಸ್ತಿ ಬರೆದಷ್ಟೂ ತಾರೀಖು ಕೆಳಗೆ ಹೋಗುತ್ತದೆ. ಹೇಳಿಕೊಳ್ಳಲು ಮನಸ್ಸಿಲ್ಲದ ಕಾಯಿಲೆ ಆದರೆ "ಹುಷಾರಿಲ್ಲ" ಅಂದರೂ ಸಾಕು, ಅದು ನಿಮ್ಮ ಹಕ್ಕು.

ಇದಕ್ಕೆ ಒಂದು ಕಡೆ ಮಾತ್ರ ಬೇರೆ ನಿಯಮ. ಮಕ್ಕಳಿಗೆ ಅಂಟುವ ಕಾಯಿಲೆ ಆದರೆ ಹೆಸರು ಹೇಳಲೇಬೇಕು. ಮದ್ರಾಸ್ ಐ ಬಂದಿದ್ದರೆ, ನೀವು ಮುಟ್ಟಿದ ನೋಟ್‌ಬುಕ್ಕನ್ನು ಮಕ್ಕಳು ಮನೆಗೆ ಒಯ್ದಿರುತ್ತಾರೆ. ಚಿಕನ್ ಪಾಕ್ಸ್, ನಮ್ಮ ಕಡೆ ಅಮ್ಮ ಅನ್ನೋದು, ಗುಳ್ಳೆ ಕಾಣುವ ಒಂದೆರಡು ದಿನ ಮುಂಚೆಯಿಂದಲೇ ಅಂಟುತ್ತದೆ. ಸೋಮವಾರ ಕ್ಲಾಸ್ ಮಾಡಿ ಮಂಗಳವಾರ ಗುಳ್ಳೆ ಕಂಡರೆ ಸೋಮವಾರ ಬಂದ ಮಕ್ಕಳ ಮನೆಯವರಿಗೆ ಅದು ಗೊತ್ತಿರಬೇಕು. ಮನೆಯಲ್ಲಿ ಬಸುರಿ ಹೆಂಗಸರೋ ಎಳೆ ಮಗುವೋ ಇದ್ದರೆ ಅವರು ಬೇಗ ಡಾಕ್ಟರ ಹತ್ತಿರ ಕೇಳಬಹುದು. ಚಿಕನ್ ಪಾಕ್ಸ್ ಆದರೆ ಎಲ್ಲ ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೆ ಕ್ಲಾಸ್ ನಡೆಸುವಂತಿಲ್ಲ. ಹಾಗಾಗಿ ಬದಲಿ ತಾರೀಖನ್ನೂ ಕೂಡಲೇ ಕೊಡಬೇಡಿ.

ನಾನು ಕಳಿಸಿದ ಮೆಸೇಜ್

ಮಂಗಳವಾರ ಸಂಜೆ 7:05ಕ್ಕೆ ಹೋದದ್ದು ಇದು:

> *ಜುಲೈ 16, ಬುಧವಾರ ಬೆಳಗ್ಗೆ 6ರ ಗಣಿತ ಕ್ಲಾಸ್ ಇರುವುದಿಲ್ಲ.*
>
> ಪೋಷಕರಿಗೆ ನಮಸ್ಕಾರ. ನನಗೆ ಜ್ವರ ಬಂದಿದೆ.
>
> *ಇದರ ಬದಲಿ ಕ್ಲಾಸ್: ಜುಲೈ 19, ಶನಿವಾರ ಮಧ್ಯಾಹ್ನ 1:15ರಿಂದ 2:30.* ಜಾಗ ಎಂದಿನಂತೆ ನಮ್ಮ ಮನೆ. ಸ್ಕೂಲಿನಿಂದ ನೇರವಾಗಿ ಬರುವ ಮಕ್ಕಳು ಊಟದ ಡಬ್ಬಿ ತಂದು ಇಲ್ಲೇ ಊಟ ಮಾಡಬಹುದು.
>
> ಜುಲೈ 18, ಶುಕ್ರವಾರದ ಕ್ಲಾಸ್ ಇದೆಯೋ ಇಲ್ಲವೋ ಅಂತ ಗುರುವಾರ ಸಂಜೆ 7ಕ್ಕೆ ಇದೇ ಗ್ರೂಪಿನಲ್ಲಿ ತಿಳಿಸುತ್ತೇನೆ.
>
> ಮಕ್ಕಳು ಬುಧವಾರ ಮನೆಯಲ್ಲಿ ಸೋಮವಾರ ಬರೆಸಿದ 6 ಲೆಕ್ಕ ಮಾಡಲಿ.
>
> ನೋಡಿದವರು ಮಗುವಿನ ಹೆಸರು ಹಾಕಿ. ಶನಿವಾರ ಬರಲು ಆಗದಿದ್ದರೆ ನನಗೆ ಬೇರೆಯಾಗಿ ಮೆಸೇಜ್ ಮಾಡಿ.

ಮೊದಲ ಸಾಲಿನಲ್ಲೇ ಕ್ಲಾಸ್ ಇಲ್ಲ ಅನ್ನೋದಿದೆ, ನಮಸ್ಕಾರಕ್ಕಿಂತ ಮುಂಚೆ. ಅದು ಬೇಕೆಂದೇ ಮಾಡಿದ್ದು. ಫೋನ್ ತೆರೆಯದೆ ನೋಟಿಫಿಕೇಶನ್ ಮಾತ್ರ ನೋಡುವವರಿಗೆ ಕಾಣೋದು ಮೊದಲ ಒಂದೆರಡು ಸಾಲು. ಅಲ್ಲಿ "ಆತ್ಮೀಯ ಪೋಷಕರೇ, ತಮ್ಮೆಲ್ಲರ ಸಹಕಾರದಿಂದ" ಅಂತ ಇದ್ದರೆ ವಿಷಯ ಮುಟ್ಟಲ್ಲ. ಸಾಲಿನ ಎರಡೂ ತುದಿಗೆ ನಕ್ಷತ್ರದ ಗುರುತು ಹಾಕಿದರೆ ವಾಟ್ಸಾಪ್‌ನಲ್ಲಿ ಅಕ್ಷರ ದಪ್ಪಗೆ ಕಾಣುತ್ತವೆ. ಎರಡು ಸಾಲಿಗೆ ಮಾತ್ರ ಹಾಕಿದ್ದೇನೆ. ಎಲ್ಲವನ್ನೂ ದಪ್ಪ ಮಾಡಿದರೆ ಯಾವುದೂ ಎದ್ದು ಕಾಣಲ್ಲ.

ಶುಕ್ರವಾರದ ಸಾಲನ್ನು ಬಹಳ ಜನ ಮರೆಯುತ್ತಾರೆ. ಬುಧವಾರ ಹುಷಾರಿಲ್ಲ ಅಂದರೆ ಶುಕ್ರವಾರದ ಕಥೆ ಏನು ಅನ್ನೋ ಪ್ರಶ್ನೆ ಎಲ್ಲರ ತಲೆಯಲ್ಲೂ ಇರುತ್ತದೆ. ಉತ್ತರ ನಿಮಗೇ ಗೊತ್ತಿಲ್ಲ, ಅಲ್ವಾ? ಹಾಗಾದರೆ ಯಾವಾಗ ಗೊತ್ತಾಗುತ್ತದೆ ಅಂತ ಹೇಳಿ. "ಗುರುವಾರ ಸಂಜೆ 7" ಅಂತ ಬರೆದ ಮೇಲೆ ನಡುವೆ ಯಾರೂ ಫೋನ್ ಮಾಡಿ ಕೇಳಲ್ಲ, ನೀವೂ ನೆಮ್ಮದಿಯಾಗಿ ಮಲಗಬಹುದು.

ಲೆಕ್ಕದ ಸಾಲು ಮಕ್ಕಳಿಗೋಸ್ಕರ. ಆದರೆ ಹೊಸ ಪಾಠವನ್ನು "ಓದಿಕೊಂಡು ಬನ್ನಿ" ಅಂತ ಕೊಡಬೇಡಿ. ಹೇಳಿಕೊಡದ ಪ್ರಮೇಯವನ್ನು ಮಗು ಸುಮ್ನೆ ಬಾಯಿಪಾಠ ಮಾಡಿಕೊಂಡು ಬಂದರೆ ಶನಿವಾರ ಅದನ್ನು ಬಿಡಿಸಿ ಅರ್ಥ ಮಾಡಿಸೋದು ಎರಡರಷ್ಟು ಕೆಲಸ. ಆಗಲೇ ಗೊತ್ತಿರುವ ಲೆಕ್ಕ ಕೊಡಿ.

ಮುಟ್ಟಿತೋ ಇಲ್ಲವೋ ನೋಡೋದು

ಕಳಿಸಿದರೆ ಮುಗಿಯಲಿಲ್ಲ. ಎಂಟು ಗಂಟೆಗೆ ನಿಮ್ಮ ಮೆಸೇಜಿನ ಮೇಲೆ ಬೆರಳು ಒತ್ತಿ ಹಿಡಿದು ಅದರ ವಿವರ ತೆರೆಯಿರಿ, ಐಕಾನ್‌ನಲ್ಲಿ i ಅಕ್ಷರ ಅಥವಾ `Info` ಅಂತ ಇರುತ್ತದೆ. ಯಾರು ಓದಿದ್ದಾರೆ, ಯಾರ ಫೋನಿಗೆ ಮುಟ್ಟಿದೆ ಅಂತ ಬೇರೆ ಬೇರೆ ಪಟ್ಟಿ ಕಾಣುತ್ತದೆ. ಗ್ರೂಪಿನಲ್ಲಿ ಎಲ್ಲರೂ ಓದಿದ ಮೇಲೆ ಮಾತ್ರ ಗುರುತು ನೀಲಿ ಆಗುತ್ತದೆ. ಹಾಗಾಗಿ ನೀಲಿಗೆ ಕಾಯುತ್ತಾ ಕೂರಬೇಡಿ, ಪಟ್ಟಿ ನೋಡಿ.

ಅವತ್ತು ಎಂಟಕ್ಕೆ 17 ಜನ ಓದಿದ್ದರು. ಉಳಿದ 7ರಲ್ಲಿ 4 ಜನ ಹಳ್ಳಿಯವರು. ಮೊದಲು ಆ ನಾಲ್ವರಿಗೆ ಫೋನ್. ಊರಿನ ಮಗು ಬಂದು ವಾಪಸ್ ಹೋದರೆ ಅರ್ಧ ಗಂಟೆ ಹೋಗುತ್ತದೆ. ಹಳ್ಳಿಯ ಮಗು ಬಂದರೆ ಸ್ಕೂಲು ತೆಗೆಯುವ ತನಕ ಮೂರು ಗಂಟೆ ಎಲ್ಲಿ ಕೂರಬೇಕು? ದೂರದಿಂದ ಬರುವವರ ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಲೆಂಡರ್ ಹಿಂದೆ ಅಂಟಿಸಿದ್ದೇನೆ. ಪ್ರತಿ ಮನೆಗೂ ಎರಡು ನಂಬರು, ಎರಡನೆಯದು ಪಕ್ಕದ ಮನೆಯದೋ ಚಿಕ್ಕಪ್ಪನದೋ. ಗಂಟಲು ಕಟ್ಟಿದ್ದರಿಂದ ಆ ದಿನ ನಮ್ಮ ಮನೆಯವರೇ ಮಾತಾಡಿದರು: "ಗಣಿತದ ಮಿಸ್ ಮನೆಯಿಂದ ಮಾತಾಡ್ತಿರೋದು. ಬೆಳಗ್ಗೆ ಕ್ಲಾಸ್ ಇಲ್ಲ, ಮಗನ್ನ ಮೊದಲನೇ ಬಸ್ಸಿಗೆ ಕಳಿಸಬೇಡಿ. ಶನಿವಾರ ಮಧ್ಯಾಹ್ನ ಒಂದೂಕಾಲಕ್ಕೆ ಇದೆ." ಅಷ್ಟೇ ಮಾತು. ಓದಲು ಬಾರದ ಇಬ್ಬರು ತಾಯಂದಿರಿಗೆ ಇದನ್ನೇ ವಾಯ್ಸ್ ಮೆಸೇಜ್ ಮಾಡಿ ಕಳಿಸುತ್ತೇವೆ, ಹದಿನೈದು ಸೆಕೆಂಡಿನದು.

ಗ್ರೂಪಿನಲ್ಲಿ "ಬೇಗ ಹುಷಾರಾಗಿ ಮಿಸ್", "ರೆಸ್ಟ್ ತಗೊಳ್ಳಿ ಮೇಡಂ" ಅಂತ ಪ್ರೀತಿಯಿಂದ ಬರುವ ಮೆಸೇಜುಗಳ ಅಡಿಯಲ್ಲಿ ತಾರೀಖು ಎಲ್ಲೋ ಮೇಲೆ ಹೋಗಿರುತ್ತದೆ. ಅದಕ್ಕೆ ಕಳಿಸಿದ ಕೂಡಲೇ ಮೆಸೇಜನ್ನು 7 ದಿನಕ್ಕೆ ಪಿನ್ ಮಾಡಿ. ಗ್ರೂಪ್ ತೆರೆದ ತಕ್ಷಣ ಮೇಲುಗಡೆ ಅದೇ ಕಾಣುತ್ತದೆ.

ತಾರೀಖು ತಪ್ಪು ಬರೆದಿರಿ ಅನ್ನಿ. ಕಳಿಸಿದ 15 ನಿಮಿಷದೊಳಗೆ ತಿದ್ದಲು ವಾಟ್ಸಾಪ್ ಬಿಡುತ್ತದೆ. ಆದರೆ ಯಾರಾದರೂ ಆಗಲೇ ಓದಿದ್ದರೆ ಅವರು ಮತ್ತೆ ನೋಡಲ್ಲ, ಹಳೇ ತಾರೀಖೇ ಅವರ ತಲೆಯಲ್ಲಿ ಉಳಿಯುತ್ತದೆ. ಹಾಗಾದಾಗ ಹೊಸ ಮೆಸೇಜ್ ಕಳಿಸಿ: "ತಿದ್ದುಪಡಿ: ಬದಲಿ ಕ್ಲಾಸ್ 20 ಅಲ್ಲ, ಜುಲೈ 19, ಶನಿವಾರ." ಹಳೆಯದನ್ನು ಎಲ್ಲರಿಗೂ ಡಿಲೀಟ್ ಮಾಡಿ, ಸರಿಯಾದದ್ದನ್ನು ಪಿನ್ ಮಾಡಿ.

ಗುರುವಾರ ಮತ್ತು ಶುಕ್ರವಾರ

ಗುರುವಾರ ಸಂಜೆ ಏಳಕ್ಕೆ ಬರೆಯುತ್ತೇನೆ ಅಂದಿದ್ದರೆ ಏಳಕ್ಕೇ ಬರೆಯಬೇಕು, ಸುದ್ದಿ ಒಳ್ಳೆಯದಿರಲಿ ಕೆಟ್ಟದಿರಲಿ. ನನಗೆ ಬುಧವಾರ ರಾತ್ರಿಯಿಂದ ಜ್ವರ ಬಂದಿರಲಿಲ್ಲ. ಆದರೆ ಗುರುವಾರ ಬೆಳಗಿನವರೆಗೂ ಮಾತ್ರೆ ತೆಗೆದುಕೊಂಡಿದ್ದೆ, ಮಾತ್ರೆ ಇಲ್ಲದ 24 ಗಂಟೆ ಶುಕ್ರವಾರ ಬೆಳಗ್ಗೆ ಆರಕ್ಕೆ ಪೂರ್ತಿ ಆಗುತ್ತಿರಲಿಲ್ಲ. ಶುಕ್ರವಾರದ ಕ್ಲಾಸನ್ನೂ ಬಿಟ್ಟೆ. ಆ ಮೆಸೇಜ್ ಹೀಗಿತ್ತು:

> *ಜುಲೈ 18, ಶುಕ್ರವಾರ ಬೆಳಗ್ಗೆ 6ರ ಕ್ಲಾಸೂ ಇರುವುದಿಲ್ಲ.* ಜ್ವರ ಇಳಿದಿದೆ, ಇನ್ನೊಂದು ದಿನ ಬೇಕು.
>
> *ಜುಲೈ 19, ಶನಿವಾರ ಮಧ್ಯಾಹ್ನ 1:15ರ ಕ್ಲಾಸ್ ಇದ್ದೇ ಇದೆ.* ಅದು ಬುಧವಾರದ ಬದಲಿ.
>
> ಶುಕ್ರವಾರದ ಬದಲಿ ಕ್ಲಾಸ್: ಜುಲೈ 26, ಶನಿವಾರ ಮಧ್ಯಾಹ್ನ 1:15ರಿಂದ 2:30.

ಎರಡು ಕ್ಲಾಸ್ ತಪ್ಪಿದಾಗ ಯಾವ ದಿನದ ಬದಲಿ ಯಾವತ್ತು ಅಂತ ಬಿಡಿಸಿ ಹೇಳಬೇಕು. ಒಂದೇ ಶನಿವಾರ ಎರಡೂ ಕ್ಲಾಸ್ ಸೇರಿಸಿ ಎರಡೂವರೆ ಗಂಟೆ ಕೂರಿಸೋಣ ಅನ್ನಿಸುತ್ತದೆ. ನಾನು ಅದನ್ನು ಮಾಡಲ್ಲ. ಬೆಳಗಿನ ಸ್ಕೂಲು ಮುಗಿಸಿ ಬಂದ ಮಕ್ಕಳಿಗೆ 75 ನಿಮಿಷದ ಮೇಲೆ ತಲೆಗೆ ಹತ್ತಲ್ಲ.

ಇನ್ನು ಜುಲೈ ಅಂದರೆ ಮಳೆ. ಡಿಸಿಯವರು ಮಳೆ ರಜೆ ಕೊಟ್ಟರೆ ಹಳ್ಳಿಯ ಮಕ್ಕಳು ಹಾಸನಕ್ಕೇ ಬರಲ್ಲ. ಇದನ್ನು ಮೊದಲ ಮೆಸೇಜಿನಲ್ಲೇ ಬರೆದರೆ "ಹೀಗಾದರೆ ಹಾಗೆ" ಅಂತ ಗೊಂದಲ. ಶುಕ್ರವಾರ ಸಂಜೆ ಕಳಿಸಿದ ನೆನಪಿನ ಮೆಸೇಜಿನಲ್ಲಿ ಒಂದು ಸಾಲು ಸೇರಿಸಿದೆ: "ಶನಿವಾರ ಸ್ಕೂಲಿಗೆ ಮಳೆ ರಜೆ ಕೊಟ್ಟರೆ ಈ ಕ್ಲಾಸೂ ಇರಲ್ಲ, ಹೊಸ ದಿನ ಭಾನುವಾರ ಸಂಜೆ ಹೇಳುತ್ತೇನೆ." ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆ ಕ್ಲಾಸ್ ನಡೆಸುವವರಿಗೆ ಜೂನ್‌ನಿಂದ ಆಗಸ್ಟ್ ತನಕ ಈ ಸಾಲು ಪ್ರತಿ ಸಲ ಬೇಕಾಗುತ್ತದೆ.

ಶನಿವಾರ ಮೋಡ ಇತ್ತು, ರಜೆ ಇರಲಿಲ್ಲ. ಹನ್ನೆರಡೂವರೆಗೇ ಹಳ್ಳಿಯ ಮಕ್ಕಳು ಬಂದು ಜಗಲಿಯಲ್ಲಿ ಡಬ್ಬಿ ಬಿಚ್ಚಿ ಕೂತಿದ್ದರು. ಮೊದಲು 6 ಲೆಕ್ಕ ನೋಡಿದೆ, ಆಮೇಲೆ ಥೇಲ್ಸ್ ಪ್ರಮೇಯ. 24ರಲ್ಲಿ 22 ಮಕ್ಕಳು ಬಂದಿದ್ದರು. ಕ್ಲಾಸ್ ಮುಗಿದ ಮೇಲೆ ಹಾಜರಿ ಪುಸ್ತಕದಲ್ಲಿ 16ನೇ ತಾರೀಖಿನ ಸಾಲಿನ ಮುಂದೆ "19ಕ್ಕೆ ಆಯಿತು" ಅಂತ ಬರೆದೆ, ಬರದ ಇಬ್ಬರ ಹೆಸರನ್ನೂ ಅದರ ಕೆಳಗೆ ಹಾಕಿದೆ. ತಿಂಗಳ ಫೀಸಿನಲ್ಲಿ ಯಾವ ಕ್ಲಾಸ್ ಬಾಕಿ ಅನ್ನೋ ಮಾತು ಬಂದರೆ ಆ ಸಾಲನ್ನೇ ತೋರಿಸಬಹುದು. ಆ ಇಬ್ಬರನ್ನು ಸೋಮವಾರ 5:40ಕ್ಕೆ ಬರಲು ಹೇಳಿ, ಬೇರೆ ಮಕ್ಕಳು ಬರುವ ಮುಂಚೆ ಬೋರ್ಡಿನ ಮೇಲೆ ಅದೇ ತ್ರಿಭುಜ ಇನ್ನೊಂದು ಸಲ ಬರೆದೆ.